ವೇಗದ ಅನುಪಾತ 1.19 ಅಲ್ಲ, 1.09

"ಮ್ಯಾಕ್ 2ರ ಗಾಳಿ 10° ಹೊರಬಾಗಿದ ಮೂಲೆ ದಾಟಿದ ಮೇಲೆ M₂ = 2.385 ಬಂತು. ಹಾಗಾದರೆ ವೇಗ 19% ಹೆಚ್ಚಾಯಿತು ಅನ್ನಬಹುದಾ? ಪುಸ್ತಕದ ಉತ್ತರ 1.09 ಇದೆ."

ಪುಸ್ತಕ ಸರಿ. ನಿಮ್ಮ M₂ ಕೂಡ ಸರಿ: ಮ್ಯಾಕ್ 2ಕ್ಕೆ ಪ್ರಾಂಟಲ್–ಮೇಯರ್ ಕೋನ 26.38°, ಅದಕ್ಕೆ 10° ಕೂಡಿಸಿದರೆ 36.38°, ಕೋಷ್ಟಕದಲ್ಲಿ ಅದರ ಎದುರಿಗೆ 2.385. ಎಡವಿದ್ದು ಆಮೇಲೆ. ಮ್ಯಾಕ್ ಸಂಖ್ಯೆ ಅಂದರೆ ವೇಗವನ್ನು ಅಲ್ಲಿನ ಶಬ್ದವೇಗದಿಂದ ಭಾಗಿಸಿದ್ದು. ಗಾಳಿ ಹಿಗ್ಗುತ್ತಾ ತಣ್ಣಗಾಗುವುದರಿಂದ ಆ ಶಬ್ದವೇಗವೇ ಇಳಿದಿರುತ್ತದೆ. ಮ್ಯಾಕ್ ಏರಿದ್ದರಲ್ಲಿ ಹತ್ತಿರಹತ್ತಿರ ಅರ್ಧ ಪಾಲು ಅದರದ್ದೇ.

ಮೂಲೆಯಿಂದ ಬೀಸಣಿಗೆಯಂತೆ ಹರಡಿಕೊಂಡು ಗಾಳಿಯನ್ನು ಹಿಗ್ಗಿಸುವ ಅಲೆಗಳ ಉದ್ದಕ್ಕೂ ಎಂಟ್ರೊಪಿ ಬದಲಾಗುವುದಿಲ್ಲ, ಒಟ್ಟು ತಾಪಮಾನವೂ ಅಷ್ಟೇ ಇರುತ್ತದೆ. ಹಾಗಾಗಿ γ = 1.4 ಇಟ್ಟುಕೊಂಡರೆ:

```
T2/T1 = (1 + 0.2*2^2)/(1 + 0.2*2.385^2)
      = 1.8/2.138 = 0.842
V2/V1 = (2.385/2)*sqrt(0.842) = 1.094
```

ಒತ್ತಡ ಮಾತ್ರ 0.842ರ 3.5ನೇ ಘಾತ, ಅಂದರೆ ಸುಮಾರು 0.55ಕ್ಕೆ ಕುಸಿಯುತ್ತದೆ. ವೇಗ ಬರೀ 9% ಏರಿದೆ, ಒತ್ತಡ ಹೆಚ್ಚುಕಡಿಮೆ ಅರ್ಧವಾಗಿದೆ; ನನಗೆ ಮೊದಲ ಸಲ ಇದು ನಂಬಲಾಗಿರಲಿಲ್ಲ.

ಇನ್ನು ಮುಂದೆ ಉತ್ತರದ ಮೇಲೆ ಅನುಮಾನ ಬಂದರೆ ಒಂದು ಮಿತಿ ನೋಡಿ. ಗಾಳಿಯ ಉಷ್ಣವೆಲ್ಲ ವೇಗವಾಗಿ ಬದಲಾದರೂ ಮ್ಯಾಕ್ 2ರಿಂದ ಹೊರಟ ಹರಿವಿನ ವೇಗ ಒಂದೂವರೆ ಪಟ್ಟು ದಾಟಲಾರದು. ಮ್ಯಾಕ್ ಅನುಪಾತಕ್ಕೆ ಅಂಥ ಮಿತಿಯೇ ಇಲ್ಲ.