ಮೆಂತ್ಯ, ಹಾಗಲಕಾಯಿ, ಚಕ್ಕೆ: ಶುಗರ್‌ಗೆ ಯಾವುದು ಎಷ್ಟು ಕೆಲಸ ಮಾಡುತ್ತದೆ?

"ಅಮ್ಮನಿಗೆ 58 ವರ್ಷ, ಎಚ್‌ಬಿಎ1ಸಿ 8.2. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತಗೋತಾರೆ. ಪಕ್ಕದ ಮನೆಯವರು ಮೆಂತ್ಯದ ನೀರು, ಹಾಗಲಕಾಯಿ ಜ್ಯೂಸ್, ಚಕ್ಕೆ ಪುಡಿ ಶುರು ಮಾಡಿ ಮಾತ್ರೆ ಬಿಟ್ಟಿದ್ದಾರಂತೆ, ಶುಗರ್ ಕಡಿಮೆಯೂ ಆಯಿತಂತೆ. ಇದರಲ್ಲಿ ನಿಜವಾಗಿ ಕೆಲಸ ಮಾಡೋದು ಯಾವುದು?"

ಮೂರರಲ್ಲಿ ಮೆಂತ್ಯಕ್ಕೆ ಮಾತ್ರ ಸ್ವಲ್ಪ ಗಟ್ಟಿಯಾದ ಆಧಾರ ಇದೆ, ಅದೂ ಮಾತ್ರೆಯ ಜೊತೆಗೆ. ನಾನು ಡಯಟೀಶಿಯನ್. ನನ್ನ ಅಪ್ಪನಿಗೂ ಶುಗರ್ ಇರುವುದರಿಂದ ಈ ಪ್ರಶ್ನೆ ನನಗೆ ಕೆಲಸದ್ದು ಮಾತ್ರವಲ್ಲ, ಮನೆಯದ್ದೂ ಹೌದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಆರ್.ಡಿ. ಶರ್ಮ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇನ್ಸುಲಿನ್ ಮೇಲಿದ್ದ ರೋಗಿಗಳ ಊಟದಲ್ಲಿ ಜಿಡ್ಡು ತೆಗೆದ ಮೆಂತ್ಯದ ಪುಡಿ ಬೆರೆಸಿ ಕೊಟ್ಟರು. ಮೂತ್ರದಲ್ಲಿ ಹೋಗುವ ಸಕ್ಕರೆ 54% ಇಳಿಯಿತು, ಖಾಲಿ ಹೊಟ್ಟೆಯ ಶುಗರ್ ಕೂಡ ಇಳಿಯಿತು. ಮೆಂತ್ಯದ ಬಗ್ಗೆ ಬರುವ ಮೆಸೇಜ್‌ಗಳಲ್ಲಿ ಈ 54% ಎಲ್ಲರಿಗೂ ನೆನಪಿರುತ್ತದೆ. ಆದರೆ ಕೊಟ್ಟ ಪುಡಿ ದಿನಕ್ಕೆ 100 ಗ್ರಾಂ, ಕೊಟ್ಟದ್ದು 10 ದಿನ ಮಾತ್ರ ಎನ್ನುವುದು ಬಿಟ್ಟುಹೋಗುತ್ತದೆ. ಒಂದು ಟೀ ಚಮಚ ಮೆಂತ್ಯ ಸುಮಾರು 4 ಗ್ರಾಂ. ಅಂದರೆ ದಿನಕ್ಕೆ 25 ಚಮಚ! ಯಾವ ಮನೆಯಲ್ಲೂ ಅಷ್ಟು ತಿನ್ನುವುದಿಲ್ಲ.

ನಮ್ಮ ಅಡುಗೆಮನೆಗೆ ಹೊಂದುವ ಪ್ರಮಾಣದ ಅಧ್ಯಯನಗಳು ಆಮೇಲೆ ಬಂದವು. 2014ರಲ್ಲಿ 10 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದಾಗ ಖಾಲಿ ಹೊಟ್ಟೆಯ ಶುಗರ್ ಸರಾಸರಿ 17 ಮಿ.ಗ್ರಾಂನಷ್ಟು ಇಳಿದಿತ್ತು. ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 0.85ರಷ್ಟು ಇಳಿದಿತ್ತು. ಪರಿಣಾಮ ಕಂಡದ್ದು ದಿನಕ್ಕೆ 5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟ ಕಡೆ. ಆ ಅಧ್ಯಯನಗಳಲ್ಲಿ ಹೆಚ್ಚಿನವು ಚಿಕ್ಕವು, ಗುಣಮಟ್ಟವೂ ಕಡಿಮೆ ಎಂದು ಲೆಕ್ಕ ಹಾಕಿದವರೇ ಬರೆದಿದ್ದಾರೆ. ಹಾಗಾಗಿ 0.85ನ್ನು ಖಾತ್ರಿ ಸಂಖ್ಯೆ ಎಂದು ನಾನು ಯಾರಿಗೂ ಹೇಳುವುದಿಲ್ಲ, ಅರ್ಧದಷ್ಟು ಸಿಕ್ಕರೂ ಒಳ್ಳೆಯದೇ ಎನ್ನುತ್ತೇನೆ.

ಮೆಂತ್ಯ ಹೇಗೆ ಕೆಲಸ ಮಾಡುತ್ತದೆ ಎನ್ನುವುದು ತಿಳಿದರೆ ನಮ್ಮಲ್ಲಿ ಆಗುವ ಒಂದು ತಪ್ಪೂ ಗೊತ್ತಾಗುತ್ತದೆ. ನೆನೆಸಿದ ಮೆಂತ್ಯ ಲೋಳೆ ಬಿಡುತ್ತದಲ್ಲ, ಅದು ನೀರಲ್ಲಿ ಉಬ್ಬುವ ನಾರು. ಹೊಟ್ಟೆಯಲ್ಲಿ ಅನ್ನ, ಮುದ್ದೆಯ ಜೊತೆ ಬೆರೆತು ಗಂಜಿಯಂತೆ ದಪ್ಪಗಾಗುತ್ತದೆ. ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಆ ನಾರಿನ ಹೆಚ್ಚಿನ ಭಾಗ ಕಾಳಿನಲ್ಲೇ ಇರುತ್ತದೆ. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಕುಡಿದು ಕಾಳು ಚೆಲ್ಲಿದರೆ ಮುಖ್ಯವಾದದ್ದನ್ನೇ ಚೆಲ್ಲಿದಂತೆ. ಪುಡಿ ಮಾಡಿ ಊಟಕ್ಕೆ ಮೊದಲು ನೀರಲ್ಲಿ ಕಲಸಿ ಕುಡಿಯಬಹುದು, ಚಪಾತಿ ಹಿಟ್ಟಿಗೆ ಬೆರೆಸಬಹುದು, ನೆನೆದ ಕಾಳನ್ನು ಅಗಿದು ತಿನ್ನಬಹುದು.

ಹಾಗಲಕಾಯಿಯ ವಿಷಯದಲ್ಲಿ ನನಗೇ ನಿರಾಸೆಯಾಗಿತ್ತು. ಇಷ್ಟು ಕಹಿ ಇರುವುದಕ್ಕೆ ಏನಾದರೂ ಗುಣ ಇರಲೇಬೇಕು ಎಂದು ಚಿಕ್ಕಂದಿನಿಂದ ಕೇಳಿದವಳು ನಾನು. ಆದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ನಾಲ್ಕು ಅಧ್ಯಯನಗಳ 479 ಜನರನ್ನು ನೋಡಿ, ಔಷಧವಿಲ್ಲದ ಸುಳ್ಳು ಮಾತ್ರೆಗೂ ಇದಕ್ಕೂ ನಂಬಬಹುದಾದ ವ್ಯತ್ಯಾಸ ಕಾಣಲಿಲ್ಲ ಎಂದಿತು. ಪಲ್ಯವಾಗಿ ಧಾರಾಳ ತಿನ್ನಿ, ಒಳ್ಳೆಯ ತರಕಾರಿ. ಗೊಜ್ಜಿಗೆ ಹಾಕುವ ಬೆಲ್ಲವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಆದರೆ ಹಾಗಲಕಾಯಿ ಮತ್ತು ಸೋರೆಕಾಯಿ ಬೆರೆಸಿದ ಜ್ಯೂಸ್ ಬೇಡವೇ ಬೇಡ. ಕೆಲವು ಸೋರೆಕಾಯಿ ಕಹಿಯಾಗಿರುತ್ತವೆ, ಆ ಕಹಿ ವಿಷ. ಅದರಿಂದ ರಕ್ತವಾಂತಿಯಾಗಿ ಸಾವುಗಳೂ ಸಂಭವಿಸಿವೆ. ಹಾಗಲಕಾಯಿ ಬೆರೆಸಿದರೆ ಸೋರೆಕಾಯಿ ಕಹಿ ಇತ್ತೋ ಇಲ್ಲವೋ ನಾಲಿಗೆಗೆ ಗೊತ್ತಾಗುವುದಿಲ್ಲ.

ಚಕ್ಕೆಯ ಹೆಸರು ಎದ್ದದ್ದು 2003ರಲ್ಲಿ ಪಾಕಿಸ್ತಾನದಲ್ಲಿ 60 ಜನರ ಮೇಲೆ ನಡೆದ ಅಧ್ಯಯನದಿಂದ. ಅಲ್ಲಿ 40 ದಿನಗಳಲ್ಲಿ ಶುಗರ್ ಚೆನ್ನಾಗಿ ಇಳಿದಿತ್ತು. ನೆದರ್‌ಲ್ಯಾಂಡ್ಸ್‌ ಮತ್ತು ಅಮೆರಿಕದಲ್ಲಿ ಮತ್ತೆ ಮಾಡಿ ನೋಡಿದಾಗ ಇಳಿಯಲಿಲ್ಲ. ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದ 2012ರ ಕಾಕ್ರೇನ್ ವಿಮರ್ಶೆಯಲ್ಲೂ ಎಚ್‌ಬಿಎ1ಸಿ ಮೇಲೆ ಪರಿಣಾಮ ಸಿಗಲಿಲ್ಲ. ಮೇಲಾಗಿ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ದಪ್ಪ, ಗಡಸು ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಎಂಬ ಜಾತಿಯದು. ಅದರಲ್ಲಿರುವ ಕೂಮರಿನ್ ಎಂಬ ರಾಸಾಯನಿಕ ದಿನವೂ ಹೆಚ್ಚು ಹೋದರೆ ಕೆಲವರ ಯಕೃತ್ತಿಗೆ ತೊಂದರೆ. 60 ಕೆಜಿ ತೂಕದವರು ದಿನವೂ ಈ ಚಕ್ಕೆ ತಿನ್ನುವುದಾದರೆ 2 ಗ್ರಾಂ ದಾಟಬಾರದು ಎಂಬುದು ಜರ್ಮನಿಯ ಆಹಾರ ಸುರಕ್ಷತಾ ಸಂಸ್ಥೆಯ ಲೆಕ್ಕ. ಪಲಾವಿಗೆ ಹಾಕುವುದಕ್ಕೆ ಭಯ ಬೇಡ, ಚಮಚಗಟ್ಟಲೆ ಪುಡಿ ನುಂಗುವುದು ಬೇಡ.

ಹಾಗಾದರೆ ಪಕ್ಕದ ಮನೆಯವರಿಗೆ ಹೇಗೆ ಕಡಿಮೆಯಾಯಿತು? ಅವರು ಸುಳ್ಳು ಹೇಳುತ್ತಿಲ್ಲ. ನನ್ನ ಅಪ್ಪನಿಗೂ ಹೀಗೇ ಆಯಿತು. ಒಂದು ಮದುವೆಯ ಓಡಾಟ ಮುಗಿಸಿ ಬಂದ ಮೇಲೆ ಖಾಲಿ ಹೊಟ್ಟೆಯ ಶುಗರ್ 212 ಬಂತು. ಗಾಬರಿಯಾಗಿ ಮೆಂತ್ಯದ ನೀರು ಶುರು ಮಾಡಿದರು, ಹದಿನೈದು ದಿನಕ್ಕೆ 148 ಆಯಿತು. ಮೆಂತ್ಯಕ್ಕೇ ಇಳಿಯಿತು ಎಂದು ಮನೆಯೆಲ್ಲ ನಂಬಿತು. ಆದರೆ ಅದೇ ಹದಿನೈದು ದಿನಗಳಲ್ಲಿ ಹೋಳಿಗೆ, ಲಾಡು ನಿಂತಿದ್ದವು, ಬೆಳಗಿನ ವಾಕಿಂಗ್ ಶುರುವಾಗಿತ್ತು, ಮದುವೆಯ ಗಡಿಬಿಡಿಯಲ್ಲಿ ತಪ್ಪಿದ್ದ ಮಾತ್ರೆ ಸರಿಯಾಗಿ ಹೊಟ್ಟೆಗೆ ಹೋಗುತ್ತಿತ್ತು. ಶುಗರ್ ತುಂಬ ಏರಿದ ದಿನವೇ ನಾವು ಹೊಸ ಮದ್ದು ಹುಡುಕುವುದು. ಏರಿದ್ದು ಆಮೇಲೆ ಹೇಗೂ ಒಂದಿಷ್ಟು ಇಳಿಯುತ್ತದೆ. ಅದಕ್ಕೇ ಅಧ್ಯಯನಗಳಲ್ಲಿ ಇನ್ನೊಂದು ಗುಂಪಿಗೆ ಸುಳ್ಳು ಮಾತ್ರೆ ಕೊಟ್ಟು ಹೋಲಿಸುವುದು. ಮೆಂತ್ಯವನ್ನೇ ನಂಬಿ ಅಪ್ಪ ಆಮೇಲೆ ನನಗೆ ಹೇಳದೆ ಮಾತ್ರೆ ಬಿಟ್ಟರು. ಮೊದಲು 7.4 ಇದ್ದ ಎಚ್‌ಬಿಎ1ಸಿ ಮೂರು ತಿಂಗಳಿಗೆ 9.1 ಆಗಿತ್ತು. ಮೈಯಲ್ಲಿ ಏನೂ ಗೊತ್ತಾಗಿರಲಿಲ್ಲ ಎಂದರು. ನನಗೆ ಇವತ್ತಿಗೂ ನೋವಾಗುವುದು ಆ ಮಾತಿಗೆ.

ನಿಮ್ಮ ತಾಯಿಗೆ ಕೊಡುವುದಾದರೆ ಮೆಂತ್ಯ ಒಂದನ್ನೇ ಕೊಡಿ, ಮೊದಲು ಡಾಕ್ಟರಿಗೆ ತಿಳಿಸಿ. ರಕ್ತ ತೆಳುವಾಗುವ ಮಾತ್ರೆ ತಗೋತಿದ್ದರೆ, ಕಡಲೆಕಾಯಿಯ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಮೊದಲ ವಾರ ದಿನಕ್ಕೆ ಅರ್ಧ ಚಮಚ ಪುಡಿ, ಹೊಟ್ಟೆಯುಬ್ಬರ ಅಥವಾ ಭೇದಿ ಆಗದಿದ್ದರೆ ಮಧ್ಯಾಹ್ನ ಒಂದು ಚಮಚ, ರಾತ್ರಿ ಒಂದು ಚಮಚದವರೆಗೆ ಏರಿಸಬಹುದು. ಗ್ಲಿಮೆಪಿರೈಡ್ ಇರುವುದರಿಂದ ಶುಗರ್ ಒಮ್ಮೆಲೇ ಕುಸಿಯುವ ಸಾಧ್ಯತೆ ನೆನಪಿರಲಿ. ಬೆವರು, ಕೈ ನಡುಕ, ಎದೆ ಡವಡವ, ಮಂಕು ಕಂಡರೆ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪರಿಣಾಮ ಆಯಿತೋ ಇಲ್ಲವೋ ಎಂದು ಮನೆಯ ಗ್ಲುಕೋಮೀಟರ್‌ನಿಂದ ತೀರ್ಮಾನಿಸಬೇಡಿ. ಒಳ್ಳೆಯ ಮೀಟರ್ ಕೂಡ 15%ವರೆಗೆ ಆಚೀಚೆ ತೋರಿಸಬಹುದು, 150 ಇದ್ದದ್ದು 135 ಆದರೆ ಅದು ಮೀಟರಿನ ಆಟವೂ ಇರಬಹುದು. ಮಾತ್ರೆ, ಊಟ, ನಡಿಗೆ ಈಗಿದ್ದಂತೆಯೇ ಇಟ್ಟುಕೊಂಡು ಮೂರು ತಿಂಗಳಿಗೆ ಅದೇ ಲ್ಯಾಬ್‌ನಲ್ಲಿ ಎಚ್‌ಬಿಎ1ಸಿ ಮಾಡಿಸಿ. 8.2 ಹೋಗಿ 8.0 ಬಂದರೆ ಏನೂ ಆಗಿಲ್ಲವೆಂದೇ ಲೆಕ್ಕ. 7.7 ಅಥವಾ ಅದಕ್ಕಿಂತ ಕೆಳಗೆ ಬಂದರೆ ಮುಂದುವರಿಸಿ, ಮಾತ್ರೆ ಕಡಿಮೆ ಮಾಡುವ ಮಾತನ್ನು ಆ ರಿಪೋರ್ಟ್ ಇಟ್ಟುಕೊಂಡು ಡಾಕ್ಟರ ಹತ್ತಿರವೇ ಆಡಿ.