ನಿನ್ನೆ ಕಳಿಸಿದ್ದಕ್ಕೆ ‘ಹ್ಯಾವ್’ ಯಾಕೆ ಬೇಡ?

ಪ್ರಶ್ನೆ: ಮೇಡಂ, ಎಚ್‌ಎಸ್‌ಆರ್ ಲೇಔಟ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ. ಮೇಲ್‌ನಲ್ಲಿ ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ಅಂತ ಬರೆದೆ. ಮ್ಯಾನೇಜರ್ ತಪ್ಪು ಅಂದ್ರು. ಕಳಿಸಿದ್ದೇನೆ ಅಂದ್ರೆ ‘ಹ್ಯಾವ್ ಸೆಂಟ್’ ತಾನೇ?

ನಿಮ್ಮ ಮ್ಯಾನೇಜರ್ ಹೇಳಿದ್ದು ಸರಿ. ‘ಐ ಸೆಂಟ್ ಇಟ್ ಯೆಸ್ಟರ್‌ಡೇ’ ಅಂತ ಬರೆಯಬೇಕಿತ್ತು. ಆದರೆ ನನ್ನ ಸಿಟ್ಟು ನಿಮ್ಮ ಮೇಲಲ್ಲ. ‘ಇದ್ದೇನೆ ಕಂಡಲ್ಲೆಲ್ಲ ಹ್ಯಾವ್ ಹಾಕಿ’ ಅಂತ ಫೀಸು ತಗೊಂಡು ಹೇಳಿಕೊಡುವ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳ ಮೇಲೆ. ಈ ಸೂತ್ರ ಅರ್ಧ ದಾರಿಗೇ ಕೈಕೊಡುತ್ತದೆ. ಕನ್ನಡದಲ್ಲಿ ‘ನಿನ್ನೆ ನಾಲ್ಕು ಗಂಟೆಗೇ ಕಳಿಸಿದ್ದೇನೆ’ ಅಂದರೆ ಯಾರೂ ತಕರಾರು ಮಾಡುವುದಿಲ್ಲ. ನಮ್ಮ ‘ಇದ್ದೇನೆ’ಗೆ ನಿನ್ನೆ, ಮೊನ್ನೆ, ಹೋದ ವರ್ಷ ಎಲ್ಲವೂ ಹೊಂದುತ್ತವೆ. ಇಂಗ್ಲಿಷಿನ ‘ಹ್ಯಾವ್’ಗೆ ಹೊಂದುವುದಿಲ್ಲ.

‘ಹ್ಯಾವ್ ಸೆಂಟ್’ ಅಂದಾಗ ನೀವು ಈಗಿನ ಸ್ಥಿತಿ ಹೇಳುತ್ತಿದ್ದೀರಿ. ಬಿಲ್ ಹೋಗಿದೆ, ನೋಡಿಕೊಳ್ಳಿ, ಅಷ್ಟೇ. ಯಾವಾಗ ಹೋಯಿತು ಅನ್ನುವುದು ಅದರಲ್ಲಿಲ್ಲ. ಮುಗಿದುಹೋದ ಹೊತ್ತನ್ನು ಹೇಳಿದ ಕೂಡಲೇ ಮಾತು ಈಗಿನದ್ದಲ್ಲ, ಆಗಿನದ್ದು. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2019 ಎಲ್ಲವೂ ಅಂಥವೇ. ಇವುಗಳ ಜೊತೆ ‘ಸೆಂಟ್’ ಒಂದೇ ಸಾಕು. ‘ವೆನ್’ ಪ್ರಶ್ನೆಗೂ ಇದೇ ನಿಯಮ. ‘ವೆನ್ ಹ್ಯಾವ್ ಯು ಸೆಂಟ್ ಇಟ್’ ಅಲ್ಲ, ‘ವೆನ್ ಡಿಡ್ ಯು ಸೆಂಡ್ ಇಟ್’.

ನಿಮ್ಮ ಮೇಲ್‌ಗೇ ಬರೋಣ. ಬಿಲ್ ಹೋಗಿದೆ ಅಂತಲೂ ತಿಳಿಸಬೇಕು, ಯಾವಾಗ ಅಂತಲೂ ತಿಳಿಸಬೇಕು, ಅಲ್ವಾ? ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಲು ಹೋಗಿದ್ದೇ ಎಡವಟ್ಟಾಯಿತು. ಎರಡು ವಾಕ್ಯ ಮಾಡಿ: ‘ಐ ಹ್ಯಾವ್ ಸೆಂಟ್ ದಿ ಇನ್‌ವಾಯ್ಸ್. ಐ ಮೇಲ್ಡ್ ಇಟ್ ಯೆಸ್ಟರ್‌ಡೇ ಅಟ್ ಫೋರ್.’ ಮೊದಲು ಸುದ್ದಿ, ಅದಕ್ಕೆ ಹ್ಯಾವ್. ಆಮೇಲೆ ವಿವರ, ಅದಕ್ಕೆ ಬರೀ ಭೂತಕಾಲ. ಇಂಗ್ಲಿಷಿನವರು ಮಾತಾಡುವುದೂ ಹೀಗೇ.

‘ಇತ್ತೀಚೆಗೆ ಆಗಿದ್ದಕ್ಕೆ ಹ್ಯಾವ್, ಹಳೆಯದಕ್ಕೆ ಭೂತಕಾಲ’ ಅನ್ನುವ ಇನ್ನೊಂದು ಪಾಠವೂ ಓಡಾಡುತ್ತಿದೆ. ಸುಳ್ಳು. ‘ಇಂಡಿಯಾ ಹ್ಯಾಸ್ ಲ್ಯಾಂಡೆಡ್ ಆನ್ ದಿ ಮೂನ್’ ಅಂತ ಇವತ್ತೂ ಹೇಳಬಹುದು, ಇನ್ನು ಐವತ್ತು ವರ್ಷ ಬಿಟ್ಟೂ ಹೇಳಬಹುದು. ಆದರೆ ತಾರೀಕು ಹಾಕಿದರೆ ‘ಹ್ಯಾಸ್’ ಹೋಗಲೇಬೇಕು: ‘ಇಂಡಿಯಾ ಲ್ಯಾಂಡೆಡ್ ಆನ್ ದಿ ಮೂನ್ ಆನ್ 23 ಆಗಸ್ಟ್ 2023.’ ಅತ್ತ ಎರಡೇ ನಿಮಿಷದ ಹಿಂದೆ ಕಳಿಸಿದ್ದರೂ ‘ಐ ಸೆಂಟ್ ಇಟ್ ಟೂ ಮಿನಿಟ್ಸ್ ಅಗೋ’ ಅಂತಲೇ ಹೇಳಬೇಕು. ಎಷ್ಟು ಹಳೆಯದು ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

‘ಟುಡೇ’ ಇನ್ನೂ ಮುಗಿದಿಲ್ಲ, ಹಾಗಾಗಿ ‘ಐ ಹ್ಯಾವ್ ಸೆಂಟ್ ತ್ರೀ ಬಿಲ್ಸ್ ಟುಡೇ’ ಸರಿ. ‘ದಿಸ್ ಮಾರ್ನಿಂಗ್’ಗೆ ಗಡಿಯಾರ ನೋಡಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಬರೆಯುತ್ತಿದ್ದರೆ ಹ್ಯಾವ್ ನಡೆಯುತ್ತದೆ. ಮಧ್ಯಾಹ್ನ ಮೂರಕ್ಕೆ ಬರೆಯುವಾಗ ಬೆಳಿಗ್ಗೆ ಮುಗಿದಾಗಿದೆ, ಆಗ ‘ಐ ಸೆಂಟ್’ ಬರೆಯಿರಿ.

ಒಂದು ಎಚ್ಚರಿಕೆ. ಈ ನಿಯಮ ಕಲಿತ ಮೇಲೆ ಯೆಸ್ಟರ್‌ಡೇ ಕಂಡರೆ ಸಾಕು, ಕೆಲವರು ಹ್ಯಾವ್ ಅಳಿಸಿಬಿಡುತ್ತಾರೆ. ‘ಐ ಹ್ಯಾವ್ ಸೆಂಟ್ ಯೆಸ್ಟರ್‌ಡೇಸ್ ರಿಪೋರ್ಟ್’ ಪೂರ್ತಿ ಸರಿ. ಇಲ್ಲಿ ನಿನ್ನೆಯದು ರಿಪೋರ್ಟ್, ಕಳಿಸಿದ್ದು ಯಾವಾಗ ಅಂತ ಹೇಳಿಯೇ ಇಲ್ಲ. ‘ಐ ಹ್ಯಾವ್ ಬೀನ್ ಅನ್‌ವೆಲ್ ಸಿನ್ಸ್ ಯೆಸ್ಟರ್‌ಡೇ’ ಕೂಡ ಸರಿ. ನಿನ್ನೆ ಶುರುವಾದ ಜ್ವರ ಈಗಲೂ ಇದೆ. ಅನುಮಾನ ಬಂದರೆ ಎರಡೇ ಎರಡು ಪ್ರಶ್ನೆ ಕೇಳಿಕೊಳ್ಳಿ: ಹೊತ್ತು ತಿಳಿಸುವ ಪದ, ಕೆಲಸ ಯಾವಾಗ ನಡೆಯಿತು ಅಂತ ಹೇಳುತ್ತಿದೆಯೇ? ಆ ಹೊತ್ತು ಮುಗಿದಿದೆಯೇ? ಎರಡಕ್ಕೂ ಹೌದು ಅಂತಾದರೆ ಮಾತ್ರ ಹ್ಯಾವ್ ತೆಗೆಯಿರಿ.

ಪ್ರಶ್ನೆ: ‘ಐ ಹ್ಯಾಡ್ ಸೆಂಟ್ ಇಟ್ ಯೆಸ್ಟರ್‌ಡೇ’ ಅಂದ್ರೆ ಜಾಸ್ತಿ ವಿನಯ ಅಂತಾರೆ. ಹೌದಾ?

ಇಲ್ಲ. ಆಗಲೇ ನಡೆದುಹೋದ ಬೇರೊಂದು ಘಟನೆಗಿಂತ ಮುಂಚೆಯೇ ಕಳಿಸಿದ್ದೆ ಅನ್ನಬೇಕಾದಾಗ ಮಾತ್ರ ಹ್ಯಾಡ್. ಸುಮ್ನೆ ಹಾಕಬೇಡಿ.

ಪ್ರಶ್ನೆ: ನಮ್ಮ ಅಮೆರಿಕದ ಕ್ಲೈಂಟ್ ‘ಐ ಜಸ್ಟ್ ಸೆಂಟ್ ಇಟ್’ ಅಂತಾರೆ. ನಮ್ಮ ಟೀಚರ್ ‘ಐ ಹ್ಯಾವ್ ಜಸ್ಟ್ ಸೆಂಟ್ ಇಟ್’ ಅಂತ ಹೇಳಿಕೊಟ್ಟಿದ್ರು. ಯಾವುದು ತಪ್ಪು?

ಎರಡೂ ಸರಿ. ಅಮೆರಿಕದಲ್ಲಿ ಮೊದಲನೆಯದು ತೀರಾ ಸಾಮಾನ್ಯ, ಬ್ರಿಟನ್ನಿನಲ್ಲಿ ಎರಡನೆಯದು ಜಾಸ್ತಿ. ಕ್ಲೈಂಟನ್ನು ತಿದ್ದಲು ಹೋಗಬೇಡಿ.