ಮಗುವಿನ ಬಾಯಲ್ಲಿ ಕವಿತೆ: ಕೊನೆಯಲ್ಲಿ ಮಗುವಿಗೆ ನಿಜ ಗೊತ್ತಾಗಬೇಕಾ?

ಪ್ರಶ್ನೆ: "ಅಪ್ಪನನ್ನು ಕಳೆದುಕೊಂಡ ಮಗುವೊಂದು ಮಾತಾಡುವ ಹಾಗೆ ಕವಿತೆ ಬರೆಯುತ್ತಿದ್ದೇನೆ. ಓದಿದವರ ಕಣ್ಣಲ್ಲಿ ನೀರು ಬರಬೇಕು. ತೊದಲು ಮಾತು ಎಷ್ಟು ಹಾಕಲಿ? ಕೊನೆಯಲ್ಲಿ ಮಗುವಿಗೆ ನಿಜ ಗೊತ್ತಾದರೆ ಚೆನ್ನಾಗಿರುತ್ತಾ?"

ಗೊತ್ತಾಗಬಾರದು. ನಾನು ಇದೇ ತಪ್ಪು ಮಾಡಿದ್ದೇನೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಬೆಂಗಳೂರಿನ ಅಂಚಿನಲ್ಲಿ ಒಂದು ಟೆಂಟ್ ಶಾಲೆಗೆ ಶನಿವಾರ ಶನಿವಾರ ಪಾಠ ಹೇಳಲು ಹೋಗುತ್ತಿದ್ದೆ. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರ ಮಕ್ಕಳು. ಪಕ್ಕದಲ್ಲೇ ಹದಿನಾಲ್ಕು ಮಹಡಿ ಕಟ್ಟಡ ಏಳುತ್ತಿತ್ತು. ಅದರ ಬುಡದಲ್ಲಿ ತಗಡಿನ ಶೆಡ್ಡುಗಳು. ಅಲ್ಲಿ ಏಳು ವರ್ಷದ ಒಬ್ಬ ಹುಡುಗಿ ಇದ್ದಳು. ಅಪ್ಪ ಸೆಂಟ್ರಿಂಗ್ ಕೆಲಸ, ಅಮ್ಮ ಬಾಂಡ್ಲಿ ಹೊರುತ್ತಿದ್ದಳು. ಹುಡುಗಿ ಆ ಕಟ್ಟಡವನ್ನು 'ನಮ್ಮಪ್ಪನ ಮನಿ' ಅಂತಲೇ ಕರೆಯುತ್ತಿದ್ದಳು. ಅದರಲ್ಲಿ ಹೆಮ್ಮೆ ಇತ್ತು, ಸುಳ್ಳು ಇರಲಿಲ್ಲ. ಅಪ್ಪ ಕಟ್ಟಿದ್ದು, ಅಂದ ಮೇಲೆ ಅಪ್ಪನದು.

ಒಂದು ಶನಿವಾರ ಓಡಿ ಬಂದು ಹೇಳಿದಳು. ಮೂರನೇ ಮಹಡಿಯಲ್ಲಿ ಯಾರದೋ ಗೃಹಪ್ರವೇಶ ಆಗಿತ್ತು. ಇವಳು ಬಾಗಿಲ ಹತ್ತಿರ ನಿಂತು ನೋಡಿದ್ದಳು. "ಅಕ್ಕೋರೆ, ಹಾಲು ಉಕ್ಕಿ ಒಲಿ ಮ್ಯಾಲೆಲ್ಲಾ ಚೆಲ್ಲಿತ್ರಿ. ಯಾರೂ ಬೈಲಿಲ್ಲ. ಎಲ್ಲಾರೂ ಕೈ ಮುಗಿದ್ರು!" ಅವಳಿಗೆ ಆಶ್ಚರ್ಯವೋ ಆಶ್ಚರ್ಯ. ಶೆಡ್ಡಿನಲ್ಲಿ ಕಾಲು ಲೀಟರ್ ಹಾಲು ಉಕ್ಕಿದರೆ ಬೆನ್ನಿಗೆ ಬೀಳುತ್ತೆ, ಅಲ್ವಾ?

ಆ ರಾತ್ರಿಯೇ ಕವಿತೆ ಬರೆದೆ.

*ನಮ್ಮಪ್ಪ ಕಟ್ಟಿದ ಮನಿಗೆ*
*ಹದಿನಾಕು ಮಾಳಿಗಿ,*
*ಮುಗಿಲಿನ ತನಕ ಎಣಿಸೀನಿ.*

*ಹೊಸಾ ಮನ್ಯಾಗ ಹಾಲು ಉಕ್ಕಿತು,*
*ಯಾರೂ ಬೈಲಿಲ್ಲ.*

*ನಾಳಿಗಿ ಇನ್ನೊಂದು ಕಟ್ಟಾಕ ಹೊಂಟೀವಿ,*
*ಅದು ಇನ್ನಾ ದೊಡ್ಡದೈತಂತ.*

ಇಲ್ಲಿಗೇ ಪೆನ್ನು ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಓದಿದವರಿಗೆ ಅರ್ಥವಾಗದೇ ಹೋದರೆ ಅಂತ ಭಯ. ಕೊನೆಗೆ ಇನ್ನೆರಡು ಸಾಲು ಸೇರಿಸಿದೆ:

*ಲೋಕಕ್ಕೆಲ್ಲಾ ಮನೆ ಕಟ್ಟುವ ನಮಗೆ*
*ತಲೆ ಮೇಲೊಂದು ಸೂರಿಲ್ಲ.*

ಒಂದು ಕವಿಗೋಷ್ಠಿಯಲ್ಲಿ ಓದಿದೆ. ಜೋರು ಚಪ್ಪಾಳೆ. ಕೆಳಗಿಳಿದ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದು, "ಹಾಲು ಉಕ್ಕಿದಾಗ ನನ್ನ ಗಂಟಲು ಕಟ್ಟಿತ್ತು. ಆಮೇಲೆ ನೀವು ಭಾಷಣ ಶುರು ಮಾಡಿಬಿಟ್ರಿ" ಅಂದರು. ನನಗೆ ಸಿಟ್ಟು ಬಂತು. ಮುಂದಿನ ಶನಿವಾರ ಅದೇ ಸಿಟ್ಟಿನಲ್ಲಿ ಕವಿತೆಯನ್ನು ಹುಡುಗಿಗೇ ಓದಿ ಹೇಳಿದೆ. ಅವಳ ಕಥೆ ತಾನೇ, ಅವಳಿಗೆ ಇಷ್ಟವಾಗುತ್ತದೆ ಅಂದುಕೊಂಡೆ. ಹಾಲಿನ ಸಾಲಿಗೆ ನಕ್ಕಳು. ಕೊನೆಯ ಎರಡು ಸಾಲು ಕೇಳಿ ಮುಖ ಸಣ್ಣದಾಯಿತು. "ಇಲ್ರಿ ಅಕ್ಕೋರೆ. ನಮಗ ಮನಿ ಐತಿ. ಊರಾಗ ಐತಿ. ಮುಂದ ಬೇವಿನ ಗಿಡ ಐತಿ."

ಆಮೇಲೆ ಅವಳು ನನ್ನ ಹತ್ತಿರ ಮನೆಯ ಮಾತೇ ಎತ್ತಲಿಲ್ಲ. ಎಷ್ಟನೇ ಮಹಡಿಗೆ ಬಣ್ಣ ಬಂತು ಅಂತ ಕೇಳಿದರೂ ತಲೆ ತಗ್ಗಿಸುತ್ತಿದ್ದಳು. ಸ್ವಲ್ಪ ದಿನಕ್ಕೆ ಆ ಶೆಡ್ಡು ಕಿತ್ತರು, ಅವರು ಬೇರೆ ಕಡೆ ಹೋದರು.

ಆ ಎರಡು ಸಾಲಿನಲ್ಲಿ ಏನೇನು ಕೆಟ್ಟಿತ್ತು ಅಂತ ನಾನು ಎಷ್ಟೋ ರಾತ್ರಿ ಕೂತು ಯೋಚಿಸಿದ್ದೇನೆ. ಮೊದಲನೆಯದಾಗಿ ಅದು ಸುಳ್ಳು. ಊರಲ್ಲಿ ಅವರಿಗೆ ಮನೆ ಇತ್ತು. ನಾನು ಕೇಳಿರಲೇ ಇಲ್ಲ. ಆಮೇಲೆ ಆ ಮಾತುಗಳು ಅವಳವಲ್ಲ. 'ಲೋಕ', 'ಸೂರು' ಅನ್ನುವುದು ಮೈಕಿನ ಮುಂದೆ ಬರುವ ಪದಗಳು. ಏಳು ಸಾಲು ಮಾತಾಡಿದ ಹುಡುಗಿ ಎಂಟನೇ ಸಾಲಿಗೆ ಎದ್ದು ಹೋಗಿ, ಅವಳ ಜಾಗದಲ್ಲಿ ನಾನು ಕೂತಿದ್ದೆ. ಇವೆರಡಕ್ಕಿಂತ ಜಾಸ್ತಿ ಕೆಟ್ಟದ್ದು ಇನ್ನೊಂದು. ಹಾಲು ಉಕ್ಕಿದಾಗ, 'ಅಯ್ಯೋ, ಆ ಮನೆ ಇವಳದಲ್ಲವಲ್ಲಾ' ಅಂತ ಕೇಳುಗನಿಗೆ ತಾನಾಗಿಯೇ ಹೊಳೆದಿತ್ತು. ಮಗುವಿಗೆ ಗೊತ್ತಿಲ್ಲದ್ದು ತನಗೆ ಗೊತ್ತಾಯಿತಲ್ಲ, ಅದನ್ನು ಅವಳಿಗೆ ಹೇಳಲೂ ಆಗದೆ ಒಳಗೇ ಇಟ್ಟುಕೊಳ್ಳಬೇಕಲ್ಲ, ನೋವಿರುವುದು ಅಲ್ಲಿ. ನಾನು ಅದನ್ನು ಮಗುವಿನ ಬಾಯಿಂದಲೇ ಹೇಳಿಸಿದೆ. ಕೇಳುಗ ಹಗುರಾಗಿ ಚಪ್ಪಾಳೆ ತಟ್ಟಿದ.

ಇದನ್ನು ಸರಿಯಾಗಿ ಮಾಡಿದ ಕವಿತೆಯನ್ನು ನಾನು ಡಿಗ್ರಿಯಲ್ಲೇ ಓದಿದ್ದೆ, ನೋಡಿರಲಿಲ್ಲ. ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್ 1789ರಲ್ಲಿ ಪ್ರಕಟಿಸಿದ 'ದಿ ಚಿಮ್ನಿ ಸ್ವೀಪರ್'. ಆಗ ಲಂಡನ್ನಿನಲ್ಲಿ ಹೊಗೆಗೂಡು ಗುಡಿಸಲು ಸಣ್ಣ ಹುಡುಗರನ್ನು ಒಳಗೆ ಹತ್ತಿಸುತ್ತಿದ್ದರು. ಕೆಲವು ಗೂಡುಗಳ ಅಗಲ ಒಂಬತ್ತೇ ಇಂಚು. ಎಂಟು ವರ್ಷಕ್ಕಿಂತ ಚಿಕ್ಕವರನ್ನು ಇಟ್ಟುಕೊಳ್ಳಬಾರದು ಅಂತ 1788ರಲ್ಲಿ ಕಾನೂನು ಬಂತು, ಹೆಚ್ಚಿನವರು ಪಾಲಿಸಲಿಲ್ಲ. ಆ ಮಸಿಯಿಂದ ಈ ಕೆಲಸದವರಿಗೆ ಕ್ಯಾನ್ಸರ್ ಬರುತ್ತದೆ ಅಂತ ಪರ್ಸಿವಲ್ ಪಾಟ್ ಅನ್ನುವ ಸರ್ಜನ್ 1775ರಲ್ಲೇ ಬರೆದಿದ್ದ. ಬ್ಲೇಕನ ಹುಡುಗ ಇದ್ಯಾವುದನ್ನೂ ಹೇಳುವುದಿಲ್ಲ. ಅವನಿಗೆ ಗೊತ್ತೂ ಇಲ್ಲ.

ಅವನು ಹೇಳುವುದು ಇಷ್ಟು. ಅಮ್ಮ ಸತ್ತಳು, ನನಗಿನ್ನೂ ಸರಿಯಾಗಿ ನಾಲಿಗೆ ಹೊರಳದಿದ್ದಾಗಲೇ ಅಪ್ಪ ನನ್ನನ್ನು ಮಾರಿದ. ಆ ಹುಡುಗರು ಬೀದಿಯಲ್ಲಿ ಗುಡಿಸುತ್ತೇವೆ, ಗುಡಿಸುತ್ತೇವೆ ಅಂತ 'ಸ್ವೀಪ್, ಸ್ವೀಪ್' ಎಂದು ಕೂಗಬೇಕು. ಇವನಿಗೆ ಮೊದಲ ಅಕ್ಷರ ಹೊರಡದೆ 'ವೀಪ್, ವೀಪ್' ಅನ್ನುತ್ತಾನೆ. ಅದರ ಅರ್ಥ 'ಅಳು, ಅಳು'. ಇಡೀ ಕವಿತೆಯಲ್ಲಿ ಇರುವ ತೊದಲು ಇದೊಂದೇ. ಅದೂ ಯಾಕಿದೆ? ಹುಡುಗನ ಪಾಲಿಗೆ ಅದು ಬರೀ ಕೆಲಸದ ಕೂಗು, ನಮ್ಮ ಕಿವಿಗೆ ಅದು ಅಳು. ನಿಮ್ಮ ತೊದಲಿನ ಪ್ರಶ್ನೆಗೆ ಇದೇ ಉತ್ತರ. ಹೀಗೆ ಎರಡು ಕಡೆ ಎರಡು ಅರ್ಥ ಕೊಡದ ತೊದಲನ್ನು ಹಾಕಲೇಬೇಡಿ. 'ಅಪ್ಪ ಎಲ್ಲಿ ಹೋದ್ಲು' ಅಂತ ಬರೆದರೆ ಓದುಗನಿಗೆ ಮಗುವಿನ ಬದಲು ಕವಿಯೇ ಕಾಣಿಸುತ್ತಾನೆ.

ಮುಂದೆ ಟಾಮ್ ಅನ್ನುವ ಹುಡುಗನ ತಲೆ ಬೋಳಿಸುತ್ತಾರೆ. ಕುರಿಮರಿಯ ಬೆನ್ನಿನಂಥ ಗುಂಗುರು ಕೂದಲು. ಅವನು ಅಳುತ್ತಾನೆ. ನಮ್ಮ ಹುಡುಗ ಸಮಾಧಾನ ಮಾಡುತ್ತಾನೆ: ಸುಮ್ನಿರು ಟಾಮ್, ತಲೆ ಬೋಳಾದರೆ ಮಸಿ ನಿನ್ನ ಬಿಳಿ ಕೂದಲನ್ನು ಕೆಡಿಸುವುದಕ್ಕೆ ಆಗಲ್ಲವಲ್ಲ.

ಈ ಮಾತನ್ನು ನಿಧಾನವಾಗಿ ಓದಿ. ತರ್ಕದಲ್ಲಿ ಒಂದು ತಪ್ಪೂ ಇಲ್ಲ. ಕೂದಲೇ ಇಲ್ಲದಿದ್ದರೆ ಕೊಳೆಯಾಗುವುದು ಏನು? ಮಗುವಿನ ದನಿ ಅಂದರೆ ತಪ್ಪು ತಪ್ಪಾಗಿ ಮಾತಾಡುವುದು ಅಂತ ನಾವು ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಮಗುವಿನ ತರ್ಕ ನೆಟ್ಟಗಿರಬೇಕು, ಅದಕ್ಕೆ ಯಾವುದೋ ಒಂದು ವಿಷಯ ಮಾತ್ರ ಗೊತ್ತಿರಬಾರದು. ನನ್ನ ಹುಡುಗಿಗೆ ಮಾಲೀಕತ್ವ ಅನ್ನುವುದು ಗೊತ್ತಿರಲಿಲ್ಲ, ಬೇರೆಲ್ಲ ಗೊತ್ತಿತ್ತು. ಆ ಬಿಟ್ಟುಹೋದ ವಿಷಯವನ್ನು ಓದುಗ ಒಂದು ಮಾತಿನಲ್ಲಿ ಹೇಳಬಲ್ಲವನಾಗಿರಬೇಕು. ಹೇಳಲಾಗದಿದ್ದರೆ ಕವಿತೆ ನಿಲ್ಲುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಹಾಗೇ ಆಯಿತು. ಹೊಗೆಗೂಡಿನ ಹುಡುಗರ ಪಾಡು ನಮಗೆ ಯಾರಿಗೂ ಗೊತ್ತಿರಲಿಲ್ಲ. ಟಾಮ್‌ನ ಕನಸಿನಲ್ಲಿ ದೇವದೂತ ಬಂದು ಕಪ್ಪು ಶವಪೆಟ್ಟಿಗೆಗಳಿಂದ ಹುಡುಗರನ್ನು ಬಿಡಿಸುತ್ತಾನೆ, ಅವರು ನಗುತ್ತಾ ನದಿಯಲ್ಲಿ ಮೈ ತೊಳೆಯುತ್ತಾರೆ. ನಾವು ಅದನ್ನು ಸುಖಾಂತ್ಯ ಅಂತಲೇ ಪರೀಕ್ಷೆಯಲ್ಲಿ ಬರೆದೆವು.

ಸುಖಾಂತ್ಯ ಎಲ್ಲಿದೆ? ಮರುದಿನ ಕತ್ತಲಲ್ಲೇ ಎದ್ದು, ಚೀಲ ಬ್ರಷ್ಷು ಹಿಡಿದು ಹೊರಡುತ್ತಾರೆ. ಚಳಿಯಿದ್ದರೂ ಟಾಮ್ ಬೆಚ್ಚಗಿದ್ದಾನೆ. ಕೊನೆಯ ಸಾಲು: ಎಲ್ಲರೂ ತಮ್ಮ ತಮ್ಮ ಕರ್ತವ್ಯ ಮಾಡಿದರೆ ಹೆದರಬೇಕಾದ್ದೇನೂ ಇಲ್ಲ. ಇದು ದೊಡ್ಡವರು ಕಲಿಸಿದ ಮಾತು. ಹುಡುಗ ಅದನ್ನು ತನ್ನದೇ ಅನ್ನುವಂತೆ ಹೇಳುತ್ತಾನೆ.

ಬ್ಲೇಕನಿಗೆ ಇಲ್ಲದ ಒಂದು ಸಲಕರಣೆ ಕನ್ನಡದಲ್ಲಿ ನಮಗಿದೆ. ಅದೇ 'ಅಂತೆ'. (ಉತ್ತರದ ಕಡೆ 'ಅಂತ'.) 'ಅಪ್ಪ ದೇವರ ಹತ್ತಿರ ಇದಾನಂತೆ' ಅಂದರೆ ಯಾರೋ ಹೇಳಿದ್ದನ್ನು ಮಗು ಹೊತ್ತು ತಂದಿದೆ, ಒಳಗಿನ್ನೂ ಇಳಿದಿಲ್ಲ. 'ಅಪ್ಪ ದೇವರ ಹತ್ತಿರ ಇದಾನೆ' ಅಂದರೆ ಇಳಿದುಬಿಟ್ಟಿದೆ. ಎರಡಕ್ಕೂ ಬಹಳ ವ್ಯತ್ಯಾಸ. ಆದರೆ 'ಅಂತೆ' ಒಂದೋ ಎರಡೋ ಸಾಕು. ಸಾಲು ಸಾಲಿಗೂ ಬಂದರೆ ಅದು ದೊಡ್ಡವರು ಕೊಂಕು ಆಡಿದ ಹಾಗೆ ಕೇಳಿಸುತ್ತದೆ.

ಮಗುವಿಗೆ ನಿಜ ಗೊತ್ತಿರುವ ಕವಿತೆಯನ್ನೂ ಬ್ಲೇಕ್ ಬರೆದಿದ್ದಾನೆ. 1794ರದು, ಹೆಸರೂ ಅದೇ. ಅಲ್ಲಿ ಹುಡುಗ ಹಿಮದಲ್ಲಿ ನಿಂತು, ಅಪ್ಪ ಅಮ್ಮ ಚರ್ಚಿಗೆ ಹೋಗಿದ್ದಾರೆ, ನನಗೆ ಸಾವಿನ ಬಟ್ಟೆ ತೊಡಿಸಿದ್ದು ಅವರೇ ಅನ್ನುತ್ತಾನೆ. ನಾನು ಕುಣಿದು ಹಾಡುವುದನ್ನು ನೋಡಿ, ನನಗೇನೂ ಕೆಡುಕು ಮಾಡಿಲ್ಲ ಅಂದುಕೊಂಡಿದ್ದಾರೆ ಅನ್ನುತ್ತಾನೆ. ಅದೂ ದೊಡ್ಡ ಕವಿತೆಯೇ. ಆದರೆ ಓದಿದಾಗ ಬರುವುದು ಸಿಟ್ಟು. ನಿಮಗೆ ಸಿಟ್ಟು ಬೇಕಿದ್ದರೆ ಮಗುವಿಗೆ ನಿಜ ಗೊತ್ತಾಗಲಿ. ನೀವು ಕೇಳಿದ್ದು ಕಣ್ಣೀರು.

ಅದೂ ಸರಿಯಲ್ಲ. ಅಳಿಸಬೇಕು ಅಂತ ಕೂತರೆ ಮಗುವನ್ನು ಅಳಿಸುತ್ತೀರಿ, ಅಪ್ಪ ಬೇಕು ಬೇಕು ಅನ್ನಿಸುತ್ತೀರಿ. ಮಗುವಿಗೆ ಬೇರೇನಾದರೂ ಕೆಲಸ ಕೊಡಿ. ಅಪ್ಪನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆಯಾ? ಅಮ್ಮ ತಟ್ಟೆ ಹಾಕುವಾಗ ಇವತ್ತು ಒಂದು ಕಡಿಮೆ ಹಾಕಿದಳಾ? ಲೆಕ್ಕದಲ್ಲಿ ಜಾಣ ಮಗು ಅಮ್ಮನ ಎಣಿಕೆಯನ್ನು ತಿದ್ದುತ್ತದೆ. ಅಮ್ಮನಿಗೆ ಎಣಿಸಲು ಬರಲ್ಲ ಅನ್ನುತ್ತದೆ. ಅಡುಗೆಮನೆಗೆ ಹೋಗಿ ಇನ್ನೊಂದು ತಟ್ಟೆ ತರುತ್ತದೆ. ಅಲ್ಲಿಗೆ ಬಿಡಿ.

ಆ ಎರಡು ಸಾಲನ್ನು ನಾನು ಆಮೇಲೆ ಹೊಡೆದುಹಾಕಿದೆ. ಈಗ ಆ ಕವಿತೆ 'ಇನ್ನಾ ದೊಡ್ಡದೈತಂತ' ಅನ್ನುವಲ್ಲಿಗೆ ನಿಲ್ಲುತ್ತದೆ. ಆ ಹುಡುಗಿಗೆ ಓದಿ ಹೇಳುವುದಕ್ಕೆ ಅವಳು ಎಲ್ಲಿದ್ದಾಳೋ ಗೊತ್ತಿಲ್ಲ.